ಹೆಬ್ಬೆರಳು ಓದುವುದು ಹೇಗೆ: ಕೋನ, ಬಾಗು ಮತ್ತು ಛಲ-ತರ್ಕದ ಎರಡು ಪರ್ವಗಳು

ಕೈ ನೋಡ್ತಾರೆ ಅಂತ ಗೊತ್ತಾದ ಕೂಡಲೇ ಜನ ಅಂಗೈ ಬಿಚ್ಚಿ ಮುಂದೆ ಚಾಚುತ್ತಾರೆ. ಮದುವೆ ಗೆರೆ ಯಾವುದು, ಆಯುಸ್ಸಿನ ಗೆರೆ ಎಷ್ಟುದ್ದ ಇದೆ, ಎಲ್ಲರಿಗೂ ಅದೇ ಬೇಕು. ನನಗೆ ಇದನ್ನೆಲ್ಲ ಕಲಿಸಿದ್ದು ನಮ್ಮ ಸೋದರಮಾವ. ಅವರು ಮೊದಲಿಗೆ ಗೆರೆ ನೋಡುತ್ತಲೇ ಇರಲಿಲ್ಲ. ಎದುರಿಗೆ ಕೂತವರ ಕೈಯನ್ನು ಮೆಲ್ಲಗೆ ಮಗುಚಿ, ಹೆಬ್ಬೆರಳನ್ನು ತಮ್ಮ ಎರಡು ಬೆರಳಲ್ಲಿ ಹಿಡಿದು, ಒಂದೆರಡು ನಿಮಿಷ ಅದರ ಜೊತೆಗೇ ಇರುತ್ತಿದ್ದರು. ಹೆಬ್ಬೆರಳು ತಿಳಿಯದೆ ಉಳಿದದ್ದು ನೋಡಿದರೆ ಅಡಿಪಾಯ ಇಲ್ಲದೆ ಗೋಡೆ ಎಬ್ಬಿಸಿದ ಹಾಗೆ ಅನ್ನೋದು ಅವರ ಮಾತು.

ಈ ಲೇಖನದಲ್ಲಿ ಹೆಬ್ಬೆರಳು ಮಾತ್ರ ಇದೆ. ಅದರಲ್ಲೂ ಮೂರು ವಿಷಯ: ಅದು ಕೈಯಿಂದ ಎಷ್ಟು ದೂರ ತೆರೆದುಕೊಳ್ಳುತ್ತದೆ, ಎಷ್ಟು ಹಿಂದಕ್ಕೆ ಬಾಗುತ್ತದೆ, ಮತ್ತು ಅದರ ಎರಡು ಪರ್ವಗಳಲ್ಲಿ, ಅಂದರೆ ಗೆಣ್ಣುಗಳ ನಡುವಿನ ಭಾಗಗಳಲ್ಲಿ, ಯಾವುದು ಉದ್ದ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇದು ಸಾಮುದ್ರಿಕದ ಸಂಪ್ರದಾಯ, ವಿಜ್ಞಾನ ಇದನ್ನು ಒಪ್ಪಿಲ್ಲ. ಬೆರಳಿನ ಉದ್ದಕ್ಕೂ ಮನುಷ್ಯನ ಹಠಕ್ಕೂ ಸಂಬಂಧ ಇದೆ ಅಂತ ಯಾರೂ ಸಾಬೀತು ಮಾಡಿಲ್ಲ. ಹಾಗಾಗಿ "ಹೀಗಿದ್ದರೆ ಹೀಗೆ" ಅಂತ ಬರೆದಿರುವ ಕಡೆಯೆಲ್ಲ "ಹೀಗೆ ಹೇಳುತ್ತಾರೆ" ಅಂತಲೇ ಓದಿಕೊಳ್ಳಿ. ಆದರೆ ಸಂಪ್ರದಾಯವನ್ನು ಓದುವಾಗಲೂ ಸರಿಯಾಗಿ ಓದಬೇಕು ಅಲ್ವಾ? ನಾನು ಕಂಡ ತಪ್ಪುಗಳಲ್ಲಿ ಜಾಸ್ತಿ ಪಾಲು ಅರ್ಥ ಹೇಳುವುದರಲ್ಲಿ ಆಗುವಂಥದ್ದಲ್ಲ, ಅಳೆಯುವುದರಲ್ಲೇ ಆಗುವಂಥದ್ದು.

ಕೈ ಹಿಡಿಯುವ ಮುಂಚೆ

ಬೇಕಾಗುವುದು ನಾಲ್ಕೇ ಸಾಮಾನು. ಒಂದು ಬಿಳಿ ಹಾಳೆ, ಪೆನ್ಸಿಲ್, 15 ಸೆಂಟಿಮೀಟರಿನ ಸ್ಕೇಲು, ಮಕ್ಕಳ ಜಾಮೆಟ್ರಿ ಬಾಕ್ಸಿನ ಕೋನಮಾಪಕ. ಕಿಟಕಿ ಪಕ್ಕ ಕೂತರೆ ಒಳ್ಳೆಯದು, ಟ್ಯೂಬ್‌ಲೈಟಿನ ಕೆಳಗೆ ಗೆಣ್ಣಿನ ಗೆರೆಗಳು ಸರಿಯಾಗಿ ಕಾಣುವುದಿಲ್ಲ.

ಎದುರಿಗಿರುವವರು ಆಗತಾನೆ ಪಾತ್ರೆ ತೊಳೆದು ಬಂದಿದ್ದರೆ, ಗಾಡಿ ಓಡಿಸಿಕೊಂಡು ಬಂದಿದ್ದರೆ, ಇಲ್ಲಾ ಚಳಿಯಲ್ಲಿ ಕೈ ತಣ್ಣಗಾಗಿದ್ದರೆ, ಹತ್ತು ನಿಮಿಷ ಸುಮ್ನೆ ಮಾತಾಡಿಸಿ. ತಣ್ಣಗಿನ ಕೈಯ ಗೆಣ್ಣು ಬಿಗಿಯಾಗಿರುತ್ತದೆ. ಆಮೇಲೆ ಮೂರು ಪ್ರಶ್ನೆ ಕೇಳಿ. ಯಾವ ಕೈಯಲ್ಲಿ ಬರೀತೀರಿ? ದಿನವಿಡೀ ಕೈಯಲ್ಲಿ ಏನು ಕೆಲಸ? ಹೆಬ್ಬೆರಳಿಗೆ ಯಾವಾಗಲಾದರೂ ಏಟು ಬಿದ್ದಿತ್ತಾ, ಈಗ ನೋವಿದೆಯಾ? ನೋವಿದೆ ಅಂದರೆ ಆ ಕೈಯನ್ನು ಬಾಗಿಸಿ ನೋಡಲೇಬೇಡಿ. ಈ ಮೂರು ಉತ್ತರವನ್ನೂ ಹಾಳೆಯ ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ. ಇದು ಎಷ್ಟು ಮುಖ್ಯ ಅನ್ನೋದು ಮುಂದೆ ಒಬ್ಬ ಟೈಲರ್ ಅಣ್ಣನ ಕಥೆಯಲ್ಲಿ ಗೊತ್ತಾಗುತ್ತದೆ.

ಯಾವ ಕೈ ನೋಡಬೇಕು? ಗಂಡಸರಿಗೆ ಬಲ, ಹೆಂಗಸರಿಗೆ ಎಡ ಅನ್ನುವ ರೂಢಿ ನಮ್ಮಲ್ಲಿದೆ. ತಮಿಳುನಾಡಿನ ವೈದೀಶ್ವರನ್ ಕೋಯಿಲಿನಲ್ಲಿ, ಭವಿಷ್ಯ ಬರೆದಿದೆ ಅನ್ನುವ ನಾಡಿ ಓಲೆ ಹುಡುಕುವವರೂ ಇದೇ ಲೆಕ್ಕದಲ್ಲಿ ಹೆಬ್ಬೆಟ್ಟಿನ ಗುರುತು ತೆಗೆದುಕೊಳ್ಳುತ್ತಾರೆ. ಪಶ್ಚಿಮದ ಪದ್ಧತಿಯಲ್ಲಿ ಕೆಲಸ ಮಾಡುವ ಕೈ ಈಗಿನ ಸ್ಥಿತಿಯನ್ನೂ, ಇನ್ನೊಂದು ಕೈ ಹುಟ್ಟಿನಿಂದ ಬಂದದ್ದನ್ನೂ ತೋರಿಸುತ್ತದೆ ಅನ್ನುತ್ತಾರೆ. ನಾನಂತೂ ಎರಡೂ ಕೈ ನೋಡದೆ ಬಾಯಿ ಬಿಡುವುದಿಲ್ಲ.

ಮೂರು ಪರ್ವ ಅಂದರೆ ಯಾವುವು

ಕಬ್ಬಿನ ಎರಡು ಗೆಣ್ಣುಗಳ ನಡುವಿನ ತುಂಡಿದ್ದ ಹಾಗೆ ಬೆರಳಿನ ಎರಡು ಗೆಣ್ಣುಗಳ ನಡುವಿನ ಭಾಗವೇ ಪರ್ವ. ಹೆಬ್ಬೆರಳಲ್ಲಿ ಉಗುರಿರುವ ತುದಿ ಮೊದಲನೇ ಪರ್ವ, ಅದು ಇಚ್ಛಾಶಕ್ತಿಯದು, ಅಂದರೆ ಛಲದ್ದು. ಅದರ ಕೆಳಗಿನದು ಎರಡನೇ ಪರ್ವ, ತರ್ಕದ್ದು. ಇನ್ನೂ ಕೆಳಗೆ ಅಂಗೈಯಲ್ಲಿ ದಪ್ಪಗೆ ಉಬ್ಬಿಕೊಂಡಿರುವ ಭಾಗ ಶುಕ್ರ ಪರ್ವತ. ಅದನ್ನು ಮೂರನೇ ಪರ್ವ ಅಂತ ಎಣಿಸಿ ಪ್ರೀತಿ, ಬಯಕೆ, ಮೈಯ ಚೈತನ್ಯಕ್ಕೆ ಕೊಡುತ್ತಾರೆ. ದೇಹದ ರಚನೆ ಪ್ರಕಾರ ಹೆಬ್ಬೆರಳಿಗೆ ಇರುವುದು ಎರಡೇ ಮೂಳೆ, ಉಳಿದ ಬೆರಳುಗಳಿಗೆ ಮೂರು. ಮೂರನೆಯದು ಅಂತ ಹೇಳುವುದು ಅಂಗೈಯೊಳಗಿನ ಮೂಳೆ ಮತ್ತು ಅದರ ಮೇಲಿನ ಸ್ನಾಯು.

ಛಲ, ತರ್ಕ, ಪ್ರೀತಿ ಅನ್ನುವ ಈ ಹಂಚಿಕೆ ನಮ್ಮ ಹಳೆಯ ಸಾಮುದ್ರಿಕದ್ದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅದು ಹಾಗಲ್ಲ. 19ನೇ ಶತಮಾನದಲ್ಲಿ ಫ್ರಾನ್ಸಿನ ಸೇನೆಯಲ್ಲಿದ್ದ ದಾರ್ಪಾಂಟಿನ್ಯಿ ಅನ್ನುವವರು ಗೆರೆ ಬಿಟ್ಟು ಕೈಯ ಆಕಾರವನ್ನೇ ಓದುವ ಪದ್ಧತಿ ಕಟ್ಟಿದರು, ಈ ಹಂಚಿಕೆ ಬೆಳೆದದ್ದು ಅಲ್ಲಿಂದ. ಆಮೇಲೆ ಕೈ ನೋಡುವುದರಲ್ಲಿ ಹೆಸರಾದ ಐರ್ಲೆಂಡಿನ ಕೀರೋ (1866-1936) ಅದನ್ನು ಜಗತ್ತಿಗೆಲ್ಲ ಹರಡಿದರು, ಇವತ್ತು ನಮ್ಮ ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ಸಿಗುವ ಕೈ ನೋಡುವ ಪುಸ್ತಕಗಳಲ್ಲೂ ಅವರ ನೆರಳಿದೆ. ನಮ್ಮ ಸಂಪ್ರದಾಯದಲ್ಲಿ ಹೆಬ್ಬೆರಳಿನ ಕಥೆಯೇ ಬೇರೆ. ಅದರ ಬುಡ ಬ್ರಹ್ಮತೀರ್ಥ, ಆಚಮನದ ನೀರು ಬಾಯಿಗೆ ಹೋಗುವುದು ಅಲ್ಲಿಂದ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಜಾಗ ಪಿತೃತೀರ್ಥ, ತರ್ಪಣದ ನೀರು ಬಿಡುವುದು ಅಲ್ಲಿಂದ. ಇನ್ನು ಹೆಬ್ಬೆರಳಿನ ನಡುಗೆಣ್ಣಿನ ಮೇಲೆ ಎರಡು ಗೆರೆ ಸೇರಿ ಜವೆಗೋಧಿ ಕಾಳಿನ ಆಕಾರ ಆಗಿದ್ದರೆ ಅದು ಯವ. ಯವ ತುಂಬಿಕೊಂಡಿದ್ದರೆ ಊಟಕ್ಕೆ ತೊಂದರೆ ಇಲ್ಲ, ವಿದ್ಯೆ ಒಲಿಯುತ್ತದೆ ಅನ್ನುತ್ತಾರೆ. ನಮ್ಮ ಅಜ್ಜಿ ಹೊಸ ಸೊಸೆಯ ಕೈಯಲ್ಲಿ ಮೊದಲು ನೋಡುತ್ತಿದ್ದದ್ದು ಇದನ್ನೇ. ಎರಡೂ ಪದ್ಧತಿಯನ್ನು ಸೇರಿಸಿ ಹೇಳಿದರೆ ತಪ್ಪೇನಿಲ್ಲ, ಆದರೆ ಯಾವುದು ಎಲ್ಲಿಂದ ಬಂತು ಅನ್ನುವುದು ಹೇಳುವವರಿಗೆ ಗೊತ್ತಿರಬೇಕು.

ಮೊದಲ ಹೆಜ್ಜೆ: ಕೋನ

ಹಾಳೆಯನ್ನು ಮೇಜಿನ ಮೇಲಿಡಿ. "ಕೈ ಹಾಗೇ ಇಡಿ" ಅಂತ ಮಾತ್ರ ಹೇಳಿ. "ಬೆರಳು ಅಗಲಿಸಿ" ಅಂತ ಹೇಳಲೇಬೇಡಿ. ಅಗಲಿಸಿ ಅಂದರೆ ಎಲ್ಲರೂ ಶಕ್ತಿಮೀರಿ ಅಗಲಿಸುತ್ತಾರೆ, ಆಗ ನಿಮಗೆ ಸಿಗುವುದು ಅವರ ಕೈಗೆ ಆಗುವ ಗರಿಷ್ಠ ಕೋನ. ನಮಗೆ ಬೇಕಾದದ್ದು ಕೈ ತಾನಾಗಿ ಕೂತಾಗ ಹೆಬ್ಬೆರಳು ಎಲ್ಲಿ ನಿಲ್ಲುತ್ತದೆ ಅನ್ನುವುದು. ಕೈ ಎತ್ತಿ, ಎರಡು ಸಲ ಕೊಡವಿ, ಮತ್ತೆ ಇಡಲು ಹೇಳಿ. ಹೀಗೆ ಮೂರು ಸಲ. ಮೂರರಲ್ಲಿ ಎರಡು ಸಲ ಒಂದೇ ಥರ ಬಂದರೆ ಅದನ್ನೇ ಹಿಡಿಯಿರಿ.

ಈಗ ಪೆನ್ಸಿಲಿನಲ್ಲಿ ಕೈಯ ಸುತ್ತ ಗೆರೆ ಎಳೆಯಿರಿ. ಪೆನ್ಸಿಲ್ ನೆಟ್ಟಗೆ ನಿಂತಿರಬೇಕು, ಮೊನೆ ಒಳಕ್ಕೆ ಹೋದರೆ ಬೆರಳು ಸಣಕಲಾಗಿ ಬರುತ್ತದೆ, ಹೊರಕ್ಕೆ ಹೋದರೆ ದಪ್ಪ ಬರುತ್ತದೆ. ಕೈ ತೆಗೆದ ಮೇಲೆ ತೋರುಬೆರಳಿನ ನಡುವೆ ಒಂದು ನೇರ ಗೆರೆ, ಹೆಬ್ಬೆರಳಿನ ನಡುವೆ ಒಂದು ನೇರ ಗೆರೆ ಎಳೆದು, ಎರಡನ್ನೂ ಕೂಡುವವರೆಗೆ ಕೆಳಕ್ಕೆ ಚಾಚಿ, ಕೂಡಿದ ಜಾಗದಲ್ಲಿ ಕೋನಮಾಪಕ ಇಡಿ.

ಕೋನ 45 ಡಿಗ್ರಿಗಿಂತ ಕಡಿಮೆ ಇದ್ದು ಹೆಬ್ಬೆರಳು ಕೈಗೆ ಅಂಟಿಕೊಂಡ ಹಾಗೆ ಕಂಡರೆ, ಅವರು ಎಚ್ಚರಿಕೆಯವರು, ಮನಸ್ಸಿನ ಮಾತು ಬೇಗ ಹೊರಗೆ ಹಾಕುವುದಿಲ್ಲ, ದುಡ್ಡು ಕೈಬಿಡುವುದು ಕಷ್ಟ ಅನ್ನುತ್ತಾರೆ. 45ರಿಂದ 70ರ ಆಸುಪಾಸು ಇದ್ದರೆ ಹದವಾದದ್ದು, ತನ್ನ ಕಾಲ ಮೇಲೆ ನಿಲ್ಲುತ್ತಾರೆ, ಇನ್ನೊಬ್ಬರ ಮಾತನ್ನೂ ಕೇಳುತ್ತಾರೆ. 90ರ ಹತ್ತಿರ ಬಂದರೆ ಯಾರ ಅಂಕೆಗೂ ಸಿಗದ ಸ್ವಭಾವ, ಕೊಡುಗೈ, ಕೆಲವು ಸಲ ದುಡುಕು. ಈ ಅಂಕಿಗಳನ್ನು ಅಳತೆಗೋಲು ಅಂತ ಹಿಡಿಯಬೇಡಿ, ಪುಸ್ತಕದಿಂದ ಪುಸ್ತಕಕ್ಕೆ ಐದು ಹತ್ತು ಡಿಗ್ರಿ ಹೆಚ್ಚುಕಮ್ಮಿ ಇದೆ.

ಇಲ್ಲಿ ಹೊಸಬರು ಒಂದು ಗೊಂದಲ ಮಾಡಿಕೊಳ್ಳುತ್ತಾರೆ. ಕೋನ ಬೇರೆ, ಹೆಬ್ಬೆರಳು ಹುಟ್ಟುವ ಜಾಗ ಬೇರೆ. ಕೆಲವರಿಗೆ ಅದು ಮಣಿಕಟ್ಟಿಗೆ ಹತ್ತಿರದಲ್ಲಿ ಹೊರಡುತ್ತದೆ, ಕೆಲವರಿಗೆ ಮೇಲೆ, ತೋರುಬೆರಳಿಗೆ ಹತ್ತಿರದಲ್ಲಿ. ಕೆಳಗೆ ಹುಟ್ಟಿದ ಹೆಬ್ಬೆರಳು ನೋಡಲು ಗಿಡ್ಡ ಕಾಣುತ್ತದೆ. ತೋರುಬೆರಳಿನ ಪಕ್ಕಕ್ಕೆ ಒರಗಿಸಿ, ಅದರ ಬುಡದ ಪರ್ವದ ಅರ್ಧಕ್ಕೆ ಮುಟ್ಟಿದರೆ ಸಾಮಾನ್ಯ ಉದ್ದ ಅಂತ ಹೇಳುವ ರೂಢಿ ಇದೆಯಲ್ಲ, ಆ ಲೆಕ್ಕ ಇಂಥ ಕೈಗೆ ಹೊಂದುವುದಿಲ್ಲ. ಹೆಬ್ಬೆರಳು ಗಿಡ್ಡ, ಹಾಗಾಗಿ ಮನಸ್ಸು ದುರ್ಬಲ ಅಂತ ಹೇಳಿಬಿಟ್ಟರೆ ಅವರ ಮನಸ್ಸು ನೊಂದದ್ದೇ ಬಂತು. ಸ್ಕೇಲಿಟ್ಟು ಅಳೆದು ನೋಡಿದರೆ ಬೆರಳು ಉದ್ದವೇ ಇರುತ್ತದೆ.

ಎರಡನೇ ಹೆಜ್ಜೆ: ಬಾಗು

ಮೊದಲು ಅವರನ್ನೇ ಮಾಡಲು ಬಿಡಿ. ಮುಷ್ಟಿ ಕಟ್ಟಿ ಹೆಬ್ಬೆರಳನ್ನು ಮೇಲಕ್ಕೆ ಎತ್ತಲು ಹೇಳಿ, "ಸೂಪರ್" ಅಂತ ತೋರಿಸುತ್ತೀವಲ್ಲ, ಹಾಗೆ. ಪಕ್ಕದಿಂದ ನೋಡಿ. ತುದಿ ಪರ್ವ ಹಿಂದಕ್ಕೆ ಬಿಲ್ಲಿನ ಹಾಗೆ ಬಾಗಿದೆಯಾ, ಕಡ್ಡಿಯ ಹಾಗೆ ನೆಟ್ಟಗಿದೆಯಾ? ಆಮೇಲೆ ನೀವು ಎರಡನೇ ಪರ್ವವನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯ ಬೆರಳನ್ನು ಉಗುರಿನ ಹಿಂದಿನ ಮೆತ್ತನೆ ಭಾಗಕ್ಕೆ ಇಟ್ಟು, ಬಾಗಿಲ ಬೆಲ್ ಒತ್ತುವಷ್ಟೇ ಹಗುರವಾಗಿ ಒತ್ತಿ. ಗೆಣ್ಣು ಎಲ್ಲಿ ತಡೆಯುತ್ತದೋ ಅಲ್ಲಿಗೆ ಬಿಟ್ಟುಬಿಡಿ. ಅದಕ್ಕಿಂತ ಮುಂದೆ ಒತ್ತಿದರೆ ಬಾಗುವುದು ಸ್ವಭಾವ ಅಲ್ಲ, ನಿಮ್ಮ ಬಲ.

ತುದಿ ಸರಾಗವಾಗಿ ಹಿಂದಕ್ಕೆ ಬಾಗಿದರೆ ಅದು ಮೃದು ಹೆಬ್ಬೆರಳು. ಇಂಥವರು ಜನಕ್ಕೆ, ಜಾಗಕ್ಕೆ ಬೇಗ ಹೊಂದಿಕೊಳ್ಳುತ್ತಾರೆ, ಕೊಡುವುದರಲ್ಲಿ ಧಾರಾಳ, ಸಮಯ ಮತ್ತು ದುಡ್ಡು ಎರಡೂ ಕೈಯಲ್ಲಿ ನಿಲ್ಲುವುದಿಲ್ಲ, "ಆಗಲಿ ಬಿಡಿ" ಅನ್ನುವ ಮಾತು ಬಾಯಲ್ಲಿ ಜಾಸ್ತಿ ಅನ್ನುತ್ತಾರೆ. ನೆಟ್ಟಗೆ ನಿಂತು ಬಾಗದಿದ್ದರೆ ಗಟ್ಟಿ ಹೆಬ್ಬೆರಳು. ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರು, ಆದರೆ ಕೊಟ್ಟ ಮಾತಿಗೆ ನಿಲ್ಲುವವರು, ಗುಟ್ಟು ಕಾಯುವವರು, ಹೊಸಬರನ್ನು ನಂಬಲು ಹೊತ್ತು ತೆಗೆದುಕೊಳ್ಳುವವರು. ಎರಡರಲ್ಲಿ ಯಾವುದೂ ಒಳ್ಳೆಯದು ಕೆಟ್ಟದ್ದು ಅಂತಿಲ್ಲ. ಮೃದು ಹೆಬ್ಬೆರಳು ಅಂದರೆ ದುರ್ಬಲ ಮನಸ್ಸು ಅಂತ ಹೇಳುವವರಿದ್ದಾರೆ, ನಾನು ಒಪ್ಪುವುದಿಲ್ಲ. ಮನಸ್ಸಿನ ಬಲ ಎಷ್ಟು ಅನ್ನುವುದಕ್ಕೆ ಪರ್ವದ ಉದ್ದ ಇದೆ, ಆ ಬಲವನ್ನು ಹೇಗೆ ಬಳಸುತ್ತಾರೆ ಅನ್ನುವುದಕ್ಕೆ ಮಾತ್ರ ಬಾಗು.

ಎರಡು ಗೆಣ್ಣನ್ನೂ ಬೇರೆ ಬೇರೆಯಾಗಿ ನೋಡಬೇಕು. ತುದಿಯ ಗೆಣ್ಣು ಬಾಗಿದರೆ ಜನರ ಜೊತೆಗಿನ ಹೊಂದಾಣಿಕೆ, ಎರಡನೇ ಗೆಣ್ಣು ಬಾಗಿದರೆ ಪರಿಸ್ಥಿತಿಯ ಜೊತೆಗಿನ ಹೊಂದಾಣಿಕೆ ಅನ್ನುವುದು ರೂಢಿ. ಕೆಲವರ ಹೆಬ್ಬೆರಳಿನ ತುದಿ ಕಲ್ಲು, ಬುಡ ಮಾತ್ರ ಬಳ್ಳಿ. ಊರು ಬದಲಾದರೆ, ಕೆಲಸ ಬದಲಾದರೆ ಇವರಿಗೆ ಚಿಂತೆ ಇಲ್ಲ. ಆದರೆ ಮನೆಯಲ್ಲಿ ಯಾರಾದರೂ ಅವರ ಮಾತಿಗೆ ಎದುರು ಹೇಳಿದರೆ ಆಗದು.

ಟೈಲರ್ ಅಣ್ಣನ ಬಲಗೈ

ನಮ್ಮ ಬೀದಿಯಲ್ಲಿ ಒಬ್ಬ ಟೈಲರ್ ಅಣ್ಣ ಇದ್ದಾರೆ. ಆಗ ಇನ್ನೊಬ್ಬರ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಕಟಿಂಗ್ ಮಾಡುತ್ತಿದ್ದರು. ಸ್ವಂತ ಅಂಗಡಿ ಹಾಕಬೇಕು ಅಂತ ಆಸೆ, ಒಂದು ಸಂಜೆ "ನನ್ನ ಕೈ ನೋಡಮ್ಮ" ಅಂತ ಎದುರಿಗೆ ಕೂತರು. ನಾನಾಗ ಮಾವನ ಹತ್ತಿರ ಕಲಿಯುತ್ತಿದ್ದೆ, ಅವಸರ ಜಾಸ್ತಿ. ಬಲಗೈ ಮಾತ್ರ ಹಿಡಿದೆ. ತುದಿ ಪರ್ವ ಒತ್ತಿದರೆ ಗೋಡೆಗೆ ಹೊಡೆದ ಮೊಳೆಯ ಹಾಗೆ, ಒಂದು ಕೂದಲೆಳೆಯೂ ಹಿಂದಕ್ಕೆ ಹೋಗಲಿಲ್ಲ. "ಅಣ್ಣ, ನಿಮಗೆ ಹಠ ಜಾಸ್ತಿ, ಹಿಡಿದದ್ದು ಬಿಡಲ್ಲ, ಯಾರ ಮಾತೂ ಕೇಳಲ್ಲ" ಅಂದೆ.

ಒಳಗಿನಿಂದ ಅತ್ತಿಗೆ ನಗುತ್ತಾ ಬಂದರು. "ಹಠಾನಾ? ಇವರಿಗಾ? ಯಾರು ಬಂದು ಕೇಳಿದ್ರೂ ನಾಳೆ ಕೊಡ್ತೀನಿ ಅಂತಾರೆ. ಮನೆಗೆ ತಂದ ಬ್ಲೌಸು ಹದಿನೈದು ದಿನದಿಂದ ಆ ಮೂಲೇಲಿ ಬಿದ್ದಿದೆ. ಇಲ್ಲ ಅಂತ ಹೇಳೋಕೆ ಬಾಯೇ ಬರಲ್ಲ ಇವರಿಗೆ."

ಮಾವ ಏನೂ ಮಾತಾಡದೆ ಅಣ್ಣನ ಬಲ ಹೆಬ್ಬೆರಳನ್ನು ಬೆಳಕಿಗೆ ತಿರುಗಿಸಿ ತೋರಿಸಿದರು. ಗೆಣ್ಣಿನ ಹೊರಮಗ್ಗುಲಲ್ಲಿ ಹುಣಸೆಬೀಜದಷ್ಟು ಅಗಲಕ್ಕೆ ಚರ್ಮ ದಪ್ಪಗೆ, ಹಳದಿಯಾಗಿ, ನುಣ್ಣಗೆ ಜಡ್ಡುಗಟ್ಟಿತ್ತು. ದಪ್ಪ ಕತ್ತರಿಯ ಹಿಡಿಯೊಳಗೆ ಆ ಬೆರಳು ತೂರಿಸಿ ಇಪ್ಪತ್ತು ವರ್ಷ ಬಟ್ಟೆ ಕತ್ತರಿಸಿದ ಗುರುತು. ಗೆಣ್ಣು ಕೂಡ ಸ್ವಲ್ಪ ಊದಿಕೊಂಡಿತ್ತು. "ಈ ಬಿಗಿ ಕತ್ತರಿ ಕೊಟ್ಟದ್ದು, ಸ್ವಭಾವ ಕೊಟ್ಟದ್ದಲ್ಲ" ಅಂದರು ಮಾವ. ಎಡಗೈ ಹಿಡಿದು ನೋಡಿದರೆ ಅದೇ ಹೆಬ್ಬೆರಳು ಬಾಳೆಲೆಯ ತುದಿಯ ಹಾಗೆ ಹಿಂದಕ್ಕೆ ಬಾಗಿತು.

ಅವತ್ತಿನಿಂದ ನಾನು ಪಾಲಿಸಿಕೊಂಡು ಬಂದ ನಿಯಮ ಇದು: ಬಿಗಿಗಾಗಲಿ ಬಾಗಿಗಾಗಲಿ ದೇಹದಲ್ಲೇ ಕಾರಣ ಕಂಡರೆ, ಆ ಲಕ್ಷಣವನ್ನು ಓದಿನಿಂದ ತೆಗೆದುಹಾಕಬೇಕು. ಗಾರೆ ಕೆಲಸದವರು, ಮಗ್ಗದವರು, ತೆಂಗಿನಕಾಯಿ ಸುಲಿಯುವವರು, ಇವರ ಕೆಲಸದ ಕೈ ಬಿಗಿಯಾಗಿರುವುದು ಸಹಜ. ವಯಸ್ಸಾದಂತೆ ಎಲ್ಲರ ಗೆಣ್ಣೂ ಬಿಗಿಯಾಗುತ್ತದೆ, ಮಕ್ಕಳದು, ಹೆಂಗಸರದು ಸಾಮಾನ್ಯವಾಗಿ ಜಾಸ್ತಿ ಬಾಗುತ್ತದೆ. ಹೆಬ್ಬೆರಳಿನ ಬುಡದಲ್ಲಿ ಸಂಧಿವಾತ ಬಂದವರಿಗೆ ಬಾಟಲಿ ಮುಚ್ಚಳ ತಿರುಗಿಸುವುದೇ ಕಷ್ಟ, ಅವರ ಕೋನವೂ ಕಿರಿದಾಗಿರಬಹುದು. ಇದಕ್ಕೆ ತದ್ವಿರುದ್ಧವಾಗಿ ಕೆಲವರ ಎಲ್ಲ ಗೆಣ್ಣೂ ಸಡಿಲ. ಮಣಿಕಟ್ಟು ಮಡಿಚಿದರೆ ಹೆಬ್ಬೆರಳು ಮುಂಗೈಗೇ ತಾಗುತ್ತದೆ. ಗೆಣ್ಣಿನ ಸಡಿಲತೆ ತಿಳಿಯಲು ಡಾಕ್ಟರುಗಳು ಮಾಡುವ ಪರೀಕ್ಷೆಗಳಲ್ಲಿ ಇದೂ ಒಂದು. ಅಂಥ ಕೈಯಲ್ಲಿ ಹೆಬ್ಬೆರಳೊಂದನ್ನೇ ಹಿಡಿದು ಧಾರಾಳಿ ಅಂತ ಹೇಳುವುದರಲ್ಲಿ ಅರ್ಥ ಇಲ್ಲ.

ಮೂರನೇ ಹೆಜ್ಜೆ: ಛಲ ಮತ್ತು ತರ್ಕ

ಈಗ ಸ್ಕೇಲು. ಅಳೆಯಬೇಕಾದದ್ದು ಅಂಗೈ ಕಡೆಯಿಂದ, ಉಗುರಿನ ಕಡೆಯಿಂದಲ್ಲ. ಹೆಬ್ಬೆರಳು ನೆಟ್ಟಗಿರಲಿ. ತುದಿಯ ಮಾಂಸದಿಂದ ನಡುಗೆಣ್ಣಿನ ಗೆರೆಯವರೆಗೆ ಮೊದಲನೇ ಪರ್ವ, ಅಲ್ಲಿಂದ ಬೆರಳು ಅಂಗೈಗೆ ಸೇರುವ ಗೆರೆಯವರೆಗೆ ಎರಡನೇ ಪರ್ವ. ಉಗುರು ಬೆಳೆದಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಡುಗೆಣ್ಣಿನಲ್ಲಿ ಎರಡು ಗೆರೆ ಇದ್ದರೆ, ಯವ ಇರುವ ಕೈಯಲ್ಲಿ ಇರುವುದೇ ಹಾಗೆ, ಎರಡರ ನಡುವಿನಿಂದ ಅಳೆಯಿರಿ. ಒಂದೆರಡು ಮಿಲಿಮೀಟರ್ ವ್ಯತ್ಯಾಸ ಬಂದರೆ ಅದನ್ನು ಸಮ ಅಂತಲೇ ಬರೆಯಿರಿ, ಚರ್ಮದ ಗೆರೆಗೆ ಅಷ್ಟು ನಿಖರತೆ ಇರುವುದಿಲ್ಲ.

ಎರಡೂ ಸುಮಾರಾಗಿ ಸಮ ಇದ್ದರೆ, ಇಲ್ಲಾ ತರ್ಕದ್ದು ಸ್ವಲ್ಪವೇ ಉದ್ದ ಇದ್ದರೆ ಅದನ್ನು ಹದ ಅನ್ನುತ್ತಾರೆ: ಯೋಚನೆ ಮಾಡುತ್ತಾರೆ, ಮಾಡಿದ ಮೇಲೆ ಕೆಲಸಕ್ಕೂ ಇಳಿಯುತ್ತಾರೆ. ಛಲದ ಪರ್ವ ಎದ್ದು ಕಾಣುವಷ್ಟು ಉದ್ದ, ತರ್ಕದ್ದು ಗಿಡ್ಡ ಆದರೆ ಮೊದಲು ಹಾರಿ ಆಮೇಲೆ ಆಳ ನೋಡುವವರು. ಇಂಥವರಿಗೆ ಬೇಡ ಅಂದಷ್ಟೂ ಜಾಸ್ತಿ ಬೇಕಾಗುತ್ತದೆ. ತರ್ಕದ ಪರ್ವ ಉದ್ದ, ಛಲದ್ದು ಗಿಡ್ಡ ಆದರೆ ಅಳೆದು ತೂಗಿ, ಮತ್ತೆ ಅಳೆದು ತೂಗಿ, ಕೊನೆಗೆ ಹೊತ್ತು ಮೀರಿದ ಮೇಲೆ ಹೊರಡುವವರು. ಬೇರೆಯವರಿಗೆ ಇವರು ಕೊಡುವ ಸಲಹೆ ಮಾತ್ರ ಬಂಗಾರ.

ಉದ್ದದ ಜೊತೆ ಆಕಾರವನ್ನೂ ನೋಡುತ್ತಾರೆ, ಆದರೆ ನಾನು ಎರಡಕ್ಕೆ ಮಾತ್ರ ಬೆಲೆ ಕೊಡುತ್ತೇನೆ. ಒಂದು, ಎರಡನೇ ಪರ್ವ ನಡುವಿನಲ್ಲಿ ಡಮರುವಿನ ಹಾಗೆ ಸಣ್ಣಗಾಗಿದೆಯಾ ಅನ್ನುವುದು. ಹಾಗಿದ್ದರೆ ನಯವಾಗಿ ಮಾತಾಡಿ ಕೆಲಸ ಸಾಧಿಸುವವರು. ಮೇಲಿಂದ ಕೆಳಗೆ ಒಂದೇ ಗಾತ್ರ ಇದ್ದರೆ ಇದ್ದದ್ದನ್ನು ಇದ್ದ ಹಾಗೆ ಮುಖಕ್ಕೆ ಹೇಳುವವರು. ಇನ್ನೊಂದು, ತುದಿ ಪರ್ವ ಗಿಡ್ಡವಾಗಿ, ಗುಂಡಗೆ ಉಬ್ಬಿ, ಉಗುರು ಅಗಲವಾಗಿ ಗದೆಯ ಹಾಗೆ ಕಾಣುವುದು. ಹಳೆಯ ಪಶ್ಚಿಮದ ಪುಸ್ತಕಗಳು ಇದಕ್ಕೆ ಕೊಲೆಗಾರನ ಹೆಬ್ಬೆರಳು ಅನ್ನುವ ಹೆಸರು ಕೊಟ್ಟುಬಿಟ್ಟಿವೆ. ಈ ಮಾತನ್ನು ದಯವಿಟ್ಟು ಯಾರ ಕೈ ನೋಡಿಯೂ ಹೇಳಬೇಡಿ. ಅದು ತುದಿ ಮೂಳೆ ಗಿಡ್ಡವಾಗಿ ಬೆಳೆಯುವ, ಮನೆತನದಲ್ಲಿ ಹರಿದು ಬರುವ ಒಂದು ಸಾಧಾರಣ ಲಕ್ಷಣ, ಅಮ್ಮನಿಗಿದ್ದರೆ ಮಗಳಿಗೂ ಬರಬಹುದು, ಒಂದೇ ಕೈಯಲ್ಲೂ ಇರಬಹುದು. ಅದರಿಂದ ಆರೋಗ್ಯಕ್ಕೂ ತೊಂದರೆ ಇಲ್ಲ. ಈ ಒಂದು ಮಾತಿನಿಂದ ಕೈ ಮುಚ್ಚಿಕೊಂಡು ಓಡಾಡಿದ ಹುಡುಗಿಯನ್ನು ನಾನು ನೋಡಿದ್ದೇನೆ, ಕಾಲೇಜಿನ ಫೋಟೋಗಳಲ್ಲೆಲ್ಲ ಅವಳ ಹೆಬ್ಬೆರಳು ಮುಷ್ಟಿಯೊಳಗೇ ಇದೆ.

ಹೀಗೆಯೇ ಹಸುಗೂಸುಗಳ ವಿಷಯ. ಮಗು ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡರೆ ಮನಸ್ಸು ದುರ್ಬಲ ಅನ್ನುವ ಮಾತಿದೆ. ಹುಟ್ಟಿದ ಮೊದಲ ತಿಂಗಳುಗಳಲ್ಲಿ ಎಲ್ಲ ಮಕ್ಕಳೂ ಹಾಗೇ ಮುಷ್ಟಿ ಕಟ್ಟಿರುತ್ತವೆ. ನಾಲ್ಕೈದು ತಿಂಗಳಾದರೂ ಹೆಬ್ಬೆರಳು ಸದಾ ಒಳಗೇ ಇದ್ದು ಬಿಚ್ಚದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಬೇಕು, ಕೈ ನೋಡುವವರಿಗಲ್ಲ.

ಎಲ್ಲ ಸೇರಿಸಿ ಓದುವುದು

ಮತ್ತೆ ಟೈಲರ್ ಅಣ್ಣನ ಹಾಳೆಗೆ ಬರೋಣ, ಅದು ಈಗಲೂ ನನ್ನ ಹತ್ತಿರ ಇದೆ. ಮಾವ ನನ್ನಿಂದಲೇ ಎರಡು ಕೈಯನ್ನೂ ಬರೆಸಿದರು.

ಕೋನ: ಎಡಗೈ 65 ಡಿಗ್ರಿ, ಬಲಗೈ 55. ಎರಡೂ ಹದದ ಒಳಗೇ ಇವೆ. ಬಾಗು: ಎಡಗೈ ಮೃದು. ಬಲಗೈಯದು ಕತ್ತರಿಯ ಕಾರಣಕ್ಕೆ ಲೆಕ್ಕದಿಂದ ಹೊರಗೆ. ಉದ್ದ: ಛಲದ ಪರ್ವ 28 ಮಿಲಿಮೀಟರ್, ತರ್ಕದ್ದು 36, ಎರಡು ಕೈಯಲ್ಲೂ ಹೆಚ್ಚುಕಮ್ಮಿ ಇಷ್ಟೇ. ತರ್ಕದ ಪರ್ವಕ್ಕೆ ಡಮರುವಿನಂಥ ಸೊಂಟ ಇದೆ. ನಡುಗೆಣ್ಣಿನಲ್ಲಿ ಯವ ತುಂಬಿಕೊಂಡಿದೆ.

ಇದನ್ನು ಒಂದೊಂದಾಗಿ ಹೇಳಿದರೆ ಐದು ಬೇರೆ ಬೇರೆ ಮನುಷ್ಯರು ಸಿಗುತ್ತಾರೆ. ಹಾಗೆ ಹೇಳಬಾರದು. ಮೊದಲು ಉದ್ದದಿಂದ ಹಿಡಿಯಬೇಕು, ಯಾಕೆಂದರೆ ಕೆಲಸಕ್ಕೂ ವಯಸ್ಸಿಗೂ ಸುಲಭಕ್ಕೆ ಬದಲಾಗದ ಲಕ್ಷಣ ಅದು. ಎಂಟು ಮಿಲಿಮೀಟರ್ ವ್ಯತ್ಯಾಸ ಅಂದರೆ ಅಳತೆಯ ತಪ್ಪಲ್ಲ: ಇವರಲ್ಲಿ ಯೋಚನೆ ಮುಂದೆ, ಹೊರಡುವುದು ಹಿಂದೆ. ಆಮೇಲೆ ಬಾಗು ಸೇರಿಸಿ. ಗಿಡ್ಡ ಛಲ ಮೃದುವಾಗಿದ್ದರೆ ಎದುರಿಗಿದ್ದವರ ಇಷ್ಟಕ್ಕೆ ತನ್ನ ಇಷ್ಟ ಬಿಟ್ಟುಕೊಡುವುದು ಜಾಸ್ತಿ. ಅದೇ ಗಿಡ್ಡ ಛಲ ಗಟ್ಟಿಯಾಗಿದ್ದರೆ ಸಣ್ಣ ಸಣ್ಣ ವಿಷಯಕ್ಕೆ ಮೊಂಡುತನ ಅಂತ ಓದುತ್ತಿದ್ದೆವು. ನೋಡಿ, ಕತ್ತರಿಯ ಬಿಗಿಯನ್ನು ನಂಬಿದ್ದರೆ ಓದು ಪೂರ್ತಿ ತಲೆಕೆಳಗಾಗುತ್ತಿತ್ತು. ಆಮೇಲೆ ಸೊಂಟ: ಮಾತಿನಲ್ಲಿ ನಯ. "ನಾಳೆ ಕೊಡ್ತೀನಿ" ಅನ್ನುವುದು ಈ ನಯಕ್ಕೂ ಆ ಮೃದುತನಕ್ಕೂ ಹೊಂದುತ್ತದೆ. ಕೋನ ಕೊನೆಗೆ: ಅಂಜುಬುರುಕರಲ್ಲ, ಜಿಪುಣರೂ ಅಲ್ಲ. ಯವಕ್ಕೆ ಹೇಳಿದ್ದು ಒಂದೇ ಮಾತು, ಅನ್ನಕ್ಕೆ ಕೊರತೆ ಇಲ್ಲ.

ಇಲ್ಲಿ ಒಂದು ಎಚ್ಚರ ಬೇಕು. ಅತ್ತಿಗೆ ಮೊದಲೇ ಗಂಡನ ಸ್ವಭಾವ ಹೇಳಿಬಿಟ್ಟಿದ್ದರು. ಹಾಗಾಗಿ ಓದು ಹೊಂದಿದ್ದಕ್ಕೆ ನಾವು ಹೆಬ್ಬೆರಳಿಗೆ ಜಾಸ್ತಿ ಅಂಕ ಕೊಡುವ ಹಾಗಿಲ್ಲ. ಇನ್ನು, "ಯೋಚನೆ ಜಾಸ್ತಿ ಮಾಡ್ತೀರಿ" ಅಂದರೆ ಹತ್ತರಲ್ಲಿ ಎಂಟು ಜನ ಹೌದು ಅಂತಲೇ ತಲೆಯಾಡಿಸುತ್ತಾರೆ. ನಿಮ್ಮ ಓದು ಎಷ್ಟು ನಿಲ್ಲುತ್ತದೆ ಅಂತ ನಿಮಗೇ ತಿಳಿಯಬೇಕಿದ್ದರೆ, ಅವರು ಬಾಯಿ ಬಿಡುವ ಮುಂಚೆ ಹಾಳೆಯ ಹಿಂದೆ ಎರಡು ಸಾಲು ಬರೆದು ಮಗುಚಿಡಿ. "ಕೊಟ್ಟ ಗಡುವು ತಪ್ಪಿಸುತ್ತಾರೆ", "ಸಾಲ ಕೇಳಿದವರಿಗೆ ಇಲ್ಲ ಅನ್ನುವುದಿಲ್ಲ", ಇಂಥ ಹೌದು-ಅಲ್ಲ ಅಂತ ತೀರ್ಮಾನ ಆಗುವ ಸಾಲುಗಳು. ಆಮೇಲೆ ಅವರ ಮನೆಯವರನ್ನು ಕೇಳಿ. ಬರೆದದ್ದು ತಪ್ಪಾದರೆ ಅದನ್ನೂ ಹಾಗೇ ಇಟ್ಟುಕೊಳ್ಳಿ, ಅಳಿಸಬೇಡಿ. ನನ್ನ ಕಟ್ಟಿನಲ್ಲಿ ತಪ್ಪಾದ ಹಾಳೆಗಳು ಬೇಕಾದಷ್ಟಿವೆ.

ಇನ್ನು, ಅಣ್ಣ ಕೇಳಿದ್ದು ಅಂಗಡಿ ಹಾಕಲಾ ಬೇಡವಾ ಅಂತ. ಅದಕ್ಕೆ ಹೆಬ್ಬೆರಳಲ್ಲಿ ಉತ್ತರ ಇಲ್ಲ. ಮಾವ ಅದನ್ನು ನೇರವಾಗಿಯೇ ಹೇಳಿದರು: "ಅಂಗಡಿ ನಡೆಯುತ್ತೋ ಇಲ್ಲವೋ ಬೆರಳು ಹೇಳಲ್ಲಪ್ಪ, ಬಾಡಿಗೆ ಎಷ್ಟು, ಗಿರಾಕಿ ಎಷ್ಟು ಅನ್ನೋದು ಹೇಳುತ್ತೆ. ಅತ್ತಿಗೇನ ಗಲ್ಲಾದಲ್ಲಿ ಕೂರಿಸಿ, ಡೇಟ್ ಕೊಡೋದು ಅವರಿಗೆ ಬಿಡಿ." ಮದುವೆ ಸಂಬಂಧ ಕೂಡಿಸುವುದಕ್ಕೆ, ಕೆಲಸಕ್ಕೆ ತೆಗೆದುಕೊಳ್ಳುವುದಕ್ಕೆ, ಕಾಯಿಲೆಗೆ, ಸಾಲಕ್ಕೆ, ಯಾವುದಕ್ಕೂ ಹೆಬ್ಬೆರಳು ನೋಡಿ ತೀರ್ಮಾನ ಕೊಡಬೇಡಿ. ಕೊಡಿ ಅಂತ ಒತ್ತಾಯ ಮಾಡಿದರೂ ಕೊಡಬೇಡಿ.

ಕೊನೆಗೆ ಹಾಳೆಯ ಮೇಲೆ ತಾರೀಕು, ವಯಸ್ಸು, ಯಾವ ಕೈ, ಏನು ಕೆಲಸ ಅಂತ ಬರೆದು ಎತ್ತಿಡಿ. ಎರಡು ಮೂರು ವರ್ಷ ಬಿಟ್ಟು ಅದೇ ಕೈಯನ್ನು ಮತ್ತೆ ಬರೆದರೆ ಉದ್ದ ಹಾಗೇ ಇರುತ್ತದೆ, ಬಾಗು ಮತ್ತು ಕೋನ ಬದಲಾಗಿರಬಹುದು. ಟೈಲರ್ ಅಣ್ಣ ಈಗ ಕಟಿಂಗ್ ಕಡಿಮೆ ಮಾಡಿದ್ದಾರೆ, ಹುಡುಗರು ಕತ್ತರಿಸುತ್ತಾರೆ, ಇವರು ಅಳತೆ ತೆಗೆಯುತ್ತಾರೆ. ಹೋದ ಯುಗಾದಿಗೆ ಬಲಗೈ ಮತ್ತೆ ನೋಡಿದೆ. ಜಡ್ಡು ತೆಳುವಾಗಿದೆ, ಗೆಣ್ಣು ಒಂದು ಚೂರು ಸಡಿಲವಾಗಿದೆ.